ಕಟ್ಟೇಲಿ ಎಷ್ಟಡಿ ಅದೆ? ಒಂದು ಅಂಕಿ, ಒಂದು ಬಾಣ, ಅದರ ಹಿಂದಿನ ಲೆಕ್ಕ

ಮಂಡ್ಯ ಸೀಮೆಯ ಮನೆಗಳಲ್ಲಿ ಜೂನ್ ಬಂತೆಂದರೆ ಪೇಪರಿನ ಮೊದಲ ಪುಟಕ್ಕಿಂತ ಮೊದಲು ಓದುವುದು ಒಂದು ಪುಟ್ಟ ಚೌಕವನ್ನು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು. ಅಷ್ಟೇ, ಐದು ಸಾಲು. ನಮ್ಮಪ್ಪ ಕನ್ನಡಕ ಹಾಕಿಕೊಳ್ಳುವ ಮೊದಲೇ ಪಕ್ಕದಲ್ಲಿದ್ದವರನ್ನು ಕೇಳುತ್ತಾರೆ: "ಕಟ್ಟೇಲಿ ಎಷ್ಟಡಿ ಅದೆ?"

ನನ್ನ ಕೆಲಸ ಬೆಂಗಳೂರಿನ ಆಫೀಸೊಂದರಲ್ಲಿ ಡ್ಯಾಶ್‌ಬೋರ್ಡ್ ಮಾಡುವುದು. ನೀವೂ ನೋಡಿರುತ್ತೀರಿ, ಪರದೆಯ ಮೇಲ್ಭಾಗದಲ್ಲಿ ಸಾಲಾಗಿ ಕೂತಿರುವ ಚೌಕಗಳು, ನಾವು ಅವನ್ನು ಕಾರ್ಡ್ ಅನ್ನುತ್ತೇವೆ. ಒಳಗೆ ದಪ್ಪಕ್ಷರದಲ್ಲಿ ಒಂದೇ ಅಂಕಿ, ಕೆಳಗೆ ಹಸಿರೋ ಕೆಂಪೋ ಒಂದು ಬಾಣ, ಪಕ್ಕದಲ್ಲಿ ಶೇಕಡಾ ಎಷ್ಟೋ. ಬ್ಯಾಂಕಿನ ಆ್ಯಪಿನಲ್ಲಿ, ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿ, ಮ್ಯೂಚುವಲ್ ಫಂಡಿನ ಪುಟದಲ್ಲಿ ಎಲ್ಲೆಲ್ಲೂ ಇದೇ ರೂಪ. ಮಾಡುವುದು ಬಹಳ ಸುಲಭ. ಯಾವ ಸಾಫ್ಟ್‌ವೇರ್ ತೆರೆದರೂ ಮೂರು ಕ್ಲಿಕ್ಕಿಗೆ ಸಿದ್ಧ. ಅದೇ ಅದರ ತೊಂದರೆ ಕೂಡ. ಬಾಣವೆಂದರೆ "ಯಾವುದಕ್ಕೆ ಹೋಲಿಸಿದರೆ?" ಎಂಬ ಪ್ರಶ್ನೆಗೆ ಉತ್ತರ. ಕಾರ್ಡ್ ಉತ್ತರವನ್ನು ದೊಡ್ಡದಾಗಿ ತೋರಿಸಿ ಪ್ರಶ್ನೆಯನ್ನು ಮಾತ್ರ ಮುಚ್ಚಿಡುತ್ತದೆ.

ಇದು ನನಗೆ ಮನದಟ್ಟಾದದ್ದು ಆಫೀಸಿನಲ್ಲಲ್ಲ, ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ. ದಿನಾ ಪೇಪರಿನ ಚೌಕದ ಫೋಟೋ ಹಾಕುವ ಬದಲು ನಾನೇ ಒಂದು ಕಾರ್ಡ್ ಮಾಡಿ ಕಳಿಸೋಣ ಅಂದುಕೊಂಡೆ. ಮೊದಲ ಕಾರ್ಡ್ ಹೀಗಿತ್ತು. (ಇಲ್ಲಿ ಮತ್ತು ಮುಂದೆ ಬರುವ ದಿನದ ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡ ಅಂದಾಜು. ಜಲಾಶಯದ ಗರಿಷ್ಠ ಮಟ್ಟ, ಸಾಮರ್ಥ್ಯ ಇತ್ಯಾದಿ ಮಾತ್ರ ನಿಜವಾದವು.)

```
ಕೆಆರ್‌ಎಸ್ ನೀರಿನ ಮಟ್ಟ
105.00 ಅಡಿ
▲ 1.9%
```

ನಿನ್ನೆ 103 ಅಡಿ, ಇವತ್ತು 105. ಎರಡನ್ನು ನೂರಮೂರರಿಂದ ಭಾಗಿಸಿದರೆ ಶೇಕಡಾ 1.9. ಹಸಿರು ಬಾಣ, ಚಂದದ ಅಕ್ಷರ. ಹತ್ತೇ ನಿಮಿಷದಲ್ಲಿ ಅಪ್ಪನ ಫೋನು. "ಏನ್ಲಾ ಮಗ, ಪರ್ಸೆಂಟ್ ಕಟ್ಕೊಂಡು ನಾನೇನ್ ಮಾಡ್ಲಿ? ಎಷ್ಟಡಿ ಬಂತು ಅದ್ ಹೇಳು."

ಮೊದಲಿಗೆ ಹಳೆಯ ಕಾಲದವರ ಹಟ ಅನ್ನಿಸಿತು. ಆಮೇಲೆ ಕೂತು ನೋಡಿದರೆ ಅವರೇ ಸರಿ.

ಶೇಕಡಾ ಅನ್ನುವುದು ಸೊನ್ನೆಯಿಂದ ಅಳೆದ ವಸ್ತುವಿಗೆ ಮಾತ್ರ ಒಪ್ಪುತ್ತದೆ. ಚೀಲದಲ್ಲಿ ಹತ್ತು ಕೆಜಿ ಅಕ್ಕಿ ಇತ್ತು, ಹನ್ನೊಂದಾಯಿತು ಅಂದರೆ ಹತ್ತು ಪರ್ಸೆಂಟ್ ಹೆಚ್ಚಾಯಿತು ಅನ್ನಬಹುದು. ಸೊನ್ನೆ ಕೆಜಿ ಅಂದರೆ ಅಕ್ಕಿಯೇ ಇಲ್ಲ ಎಂದರ್ಥ ತಾನೆ. ಆದರೆ ನೀರಿನ ಮಟ್ಟದ ಸೊನ್ನೆ ಎಲ್ಲಿದೆ? ನಾವು ಹೇಳುವ 124.80 ಅಡಿ ಕಟ್ಟೆಯ ತನ್ನದೇ ಅಳತೆಪಟ್ಟಿಯ ಲೆಕ್ಕ. ಕೇಂದ್ರ ಜಲ ಆಯೋಗದ ಪಟ್ಟಿಯಲ್ಲಿ ಇದೇ ತುಂಬಿದ ಮಟ್ಟ ಸಮುದ್ರಮಟ್ಟದಿಂದ 752.50 ಮೀಟರ್, ಅಂದರೆ 2,468 ಅಡಿಗೂ ಚೂರು ಹೆಚ್ಚು. ಅದೇ ಕಟ್ಟೆ, ಅದೇ ನೀರು. ಈಗ ರಾತ್ರಿ ಬಂದ ಎರಡು ಅಡಿಯನ್ನು ಆ ಲೆಕ್ಕದಲ್ಲಿ ಭಾಗಿಸಿ ನೋಡಿ: ಸುಮಾರು 2,447 ಅಡಿಗೆ ಎರಡು ಅಡಿ ಸೇರಿದರೆ ಏರಿಕೆ ಶೇಕಡಾ 0.08. ಒಂದು ಅಳತೆಪಟ್ಟಿಯಲ್ಲಿ 1.9, ಇನ್ನೊಂದರಲ್ಲಿ 0.08. ಎರಡೂ ಗಣಿತವಾಗಿ ಸರಿ, ಎರಡೂ ನಿರರ್ಥಕ.

ಹೊಸಪೇಟೆಯ ಕಡೆಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತುಂಗಭದ್ರಾದ ಗರಿಷ್ಠ ಮಟ್ಟವನ್ನು ಪೇಪರಿನಲ್ಲೂ ಸಮುದ್ರಮಟ್ಟದಿಂದಲೇ ಬರೆಯುತ್ತಾರೆ, 1,633 ಅಡಿ ಅಂತ. ಅದು 1,600ಕ್ಕೆ ಇಳಿದರೆ ಜಲಾಶಯದ ಬಹುಪಾಲು ನೀರು ಹೋದ ಹಾಗೆ. ಕಾರ್ಡಿನಲ್ಲಿ ಮಾತ್ರ ▼ 2% ಅಂತ ಬರುತ್ತದೆ, ಏನೂ ಆಗಿಲ್ಲವೆಂಬಂತೆ.

ಹಾಗಾದರೆ "▲ 2 ಅಡಿ" ಅಂತ ಹಾಕಿಬಿಟ್ಟರೆ ಸಾಕೇ? ಅಪ್ಪನಿಗೆ ಸಾಕು. ಏಕೆಂದರೆ ಅವರ ತಲೆಯಲ್ಲಿ ಕಟ್ಟೆಯ ಆಕಾರ ಇದೆ. ನೂರಡಿಯ ಮೇಲಿನ ಒಂದಡಿಗೂ ಎಂಬತ್ತಡಿಯ ಹತ್ತಿರದ ಒಂದಡಿಗೂ ಎಷ್ಟು ವ್ಯತ್ಯಾಸ ಅನ್ನುವುದು ಐವತ್ತು ವರ್ಷ ನಾಲೆ ನೀರು ಕಾದವರಿಗೆ ಬಾಯಿಪಾಠ. ಉಳಿದವರಿಗೆ ಅದು ಇಲ್ಲ. ಜಲಾಶಯ ನೀರಿನ ತೊಟ್ಟಿಯ ಹಾಗೆ ನೇರ ಗೋಡೆಯದಲ್ಲ. ತಳದಲ್ಲಿ ನದಿಯ ಕಿರಿದಾದ ಕಣಿವೆ, ಮೇಲಕ್ಕೆ ಹೋದಂತೆ ಹರಡಿಕೊಂಡ ಬಯಲು. ಬಾಣಲೆಗೆ ನೀರು ಹುಯ್ದ ಹಾಗೆ ಅಂದುಕೊಳ್ಳಿ.

ಲೆಕ್ಕ ಹಾಕಿ ನೋಡೋಣ. ಕೆಆರ್‌ಎಸ್ ಪೂರ್ತಿ ತುಂಬಿದಾಗ ನೀರು ಸುಮಾರು 130 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಅಷ್ಟಗಲದ ಮೇಲೆ ಒಂದಡಿ ನೀರು ನಿಂತರೆ ಸುಮಾರು 140 ಕೋಟಿ ಘನ ಅಡಿ, ಅಂದರೆ 1.4 ಟಿಎಂಸಿ. (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.) ನೂರಡಿಯ ಆಸುಪಾಸಿನಲ್ಲಿ ನೀರು ಹರಡಿರುವ ಜಾಗ ಕಡಿಮೆ, ಅಲ್ಲಿ ಒಂದಡಿಗೆ ಹತ್ತಿರಹತ್ತಿರ 0.85 ಟಿಎಂಸಿ ಎಂದಿಟ್ಟುಕೊಳ್ಳಬಹುದು. ಇನ್ನೂ ಕೆಳಗೆ ಹೋದರೆ ಅದಕ್ಕಿಂತ ಕಡಿಮೆ. ಹೀಗಾಗಿ 124.80 ಅಡಿಯಲ್ಲಿ 49.45 ಟಿಎಂಸಿ ಇರುವ ಕಟ್ಟೆಯಲ್ಲಿ 100 ಅಡಿಗೆ ಇರುವುದು ಸುಮಾರು 23 ಟಿಎಂಸಿ ಮಾತ್ರ. ಅಡಿಯ ಲೆಕ್ಕದಲ್ಲಿ ನೋಡಿದವರಿಗೆ ನೂರಡಿ ಎಂದರೆ ಶೇಕಡಾ 80 ತುಂಬಿದೆ. ನೀರಿನ ಲೆಕ್ಕದಲ್ಲಿ ಅರ್ಧವೂ ಇಲ್ಲ. "ಕಟ್ಟೆ ನೂರಡಿ ದಾಟಿತು" ಎಂದು ಟಿವಿಯವರು ಕುಣಿಯುವ ದಿನ ನಿಜವಾಗಿ ಅರ್ಧದಾರಿಯೂ ಆಗಿರುವುದಿಲ್ಲ.

ಇದರಿಂದ ಬಾಣಕ್ಕೆ ಒಂದು ವಿಚಿತ್ರ ಆಗುತ್ತದೆ. ಕೊಡಗಿನಲ್ಲಿ ಮಳೆ ಹಿಡಿದಿದೆ, ಒಳಹರಿವು 22,000 ಕ್ಯುಸೆಕ್, ಹೊರಹರಿವು 2,500 ಎಂದಿಟ್ಟುಕೊಳ್ಳಿ. ಉಳಿದದ್ದು 19,500. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನವೊಂದಕ್ಕೆ ಸುಮಾರು 1.7 ಟಿಎಂಸಿ ಕಟ್ಟೆಗೆ ಸೇರುತ್ತದೆ. 103ರಲ್ಲಿದ್ದಾಗ ಇಷ್ಟು ನೀರು ಎರಡು ಅಡಿ ಏರಿಸುತ್ತದೆ. 123ರಲ್ಲಿದ್ದಾಗ ಅದೇ 1.7 ಟಿಎಂಸಿ ಏರಿಸುವುದು ಒಂದಡಿ ಎರಡೂವರೆ ಇಂಚಿನಷ್ಟು. ಮಳೆ ಅಷ್ಟೇ, ಹೊಳೆ ಅಷ್ಟೇ, ನೀರು ಅಷ್ಟೇ. ಕಾರ್ಡಿನಲ್ಲಿ ಮಾತ್ರ ಏರಿಕೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ಇದನ್ನು ನೋಡಿ "ಮಳೆ ಕಡಿಮೆ ಆಯ್ತೇನೋ" ಎಂದು ಗುಂಪಿನಲ್ಲಿ ಚರ್ಚೆ ಶುರುವಾದದ್ದೂ ಉಂಟು.

ಆದ್ದರಿಂದ ನಾನು ಕಾರ್ಡಿನ ದೊಡ್ಡ ಅಂಕಿಯನ್ನೇ ಬದಲಾಯಿಸಿದೆ. ಅಡಿ ಸಣ್ಣಕ್ಷರಕ್ಕೆ ಇಳಿಯಿತು, ಟಿಎಂಸಿ ಮೇಲೆ ಬಂತು. ಅದರಲ್ಲೂ ಒಂದು ಸೂಕ್ಷ್ಮ ಇದೆ. 49.45ರಲ್ಲಿ ಎಲ್ಲವನ್ನೂ ಹೊರಬಿಡಲು ಬರುವುದಿಲ್ಲ. ತಳದ ಸುಮಾರು 4.4 ಟಿಎಂಸಿ ಬಳಕೆಗೆ ಸಿಗದ ನೀರು. ಬಳಸಬಹುದಾದದ್ದು 45.05. ಕಾರ್ಡ್ ಯಾವುದನ್ನು ತೋರಿಸುತ್ತಿದೆ ಎಂದು ಬರೆಯದಿದ್ದರೆ ಬೇಸಿಗೆಯಲ್ಲಿ ಮೋಸ ಹೋಗುತ್ತೇವೆ. ಜಲಾಶಯದಲ್ಲಿ 10 ಟಿಎಂಸಿ ಇದೆ ಎಂದು ಒಬ್ಬರು, ಇರುವುದು ಐದೂವರೆ ಎಂದು ಇನ್ನೊಬ್ಬರು ಜಗಳವಾಡಿದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಅಂದಹಾಗೆ, ಗರಿಷ್ಠ ಸಾಮರ್ಥ್ಯ ಅನ್ನುವುದೂ ಕಲ್ಲಿನಲ್ಲಿ ಕೆತ್ತಿದ ಅಂಕಿಯಲ್ಲ. ತುಂಗಭದ್ರಾ 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದಾಗ ಅದರ ಸಾಮರ್ಥ್ಯ 133 ಟಿಎಂಸಿ. ಹೂಳು ತುಂಬಿ ತುಂಬಿ ಈಗ ಲೆಕ್ಕಕ್ಕೆ ಹಿಡಿಯುವುದು 105.788. ಇವತ್ತಿನ "100% ಭರ್ತಿ" ಅಂದಿನ 100%ಗೆ ಸಮವಲ್ಲ. ಶೇಕಡಾವಾರು ತೋರಿಸುವ ಯಾವ ಕಾರ್ಡಿನಲ್ಲೂ ಭಾಗಿಸುವ ಸಂಖ್ಯೆ ಯಾವ ವರ್ಷದ್ದು ಎಂದು ಕೇಳುವುದು ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ ಬರೋಣ, ಬಾಣ ಯಾರ ಎದುರು ನಿಲ್ಲಬೇಕು ಅನ್ನುವುದಕ್ಕೆ.

ನಿನ್ನೆಯ ಎದುರು ನಿಲ್ಲಿಸಿದರೆ ಜುಲೈ ಪೂರ್ತಿ ▲, ಫೆಬ್ರುವರಿಯಿಂದ ಮೇ ತನಕ ಪೂರ್ತಿ ▼. ಅದು ಕ್ಯಾಲೆಂಡರ್ ನೋಡಿದರೂ ಗೊತ್ತಾಗುವ ಸಂಗತಿ. ಬಾಣದ ದಿಕ್ಕಿಗಿಂತ ಅದರ ಪ್ರಮಾಣದಲ್ಲಿ ಸುದ್ದಿ ಇದೆ: ಇವತ್ತು 1.7 ಸೇರಿತು, ನಿನ್ನೆ 0.6 ಸೇರಿತ್ತು ಅಂದರೆ ತಲಕಾವೇರಿ, ಭಾಗಮಂಡಲದ ಕಡೆ ಏನೋ ಆಗಿದೆ. ಇನ್ನೊಂದು ಮಾತು, ಅಳತೆಪಟ್ಟಿಯನ್ನು ಅಡಿಯ ನೂರನೇ ಒಂದು ಭಾಗದವರೆಗೆ ಓದುತ್ತಾರೆ. ತುಂಬಿದ ಕಟ್ಟೆಯಲ್ಲಿ 0.01 ಅಡಿ ಎಂದರೆ ಒಂದು ಕೋಟಿ ನಲವತ್ತು ಲಕ್ಷ ಘನ ಅಡಿ. ಗಾಳಿಗೆ ಎದ್ದ ಅಲೆಯೂ ಆ ಅಳತೆಯನ್ನು ಅಲುಗಿಸಬಹುದು. ಅಂಥ ಚೂರುಪಾರು ವ್ಯತ್ಯಾಸಕ್ಕೆ ಬಾಣ ಎಳೆದರೆ ಕಾರ್ಡ್ ದಿನಾ ಬಣ್ಣ ಬದಲಿಸುತ್ತದೆ, ನಾಲ್ಕನೇ ದಿನಕ್ಕೆ ಯಾರೂ ಅದನ್ನು ನೋಡುವುದಿಲ್ಲ. ಇಷ್ಟಕ್ಕಿಂತ ಕಡಿಮೆಯಾದರೆ ಬಾಣ ಬೇಡ, ಬರೀ ಗೆರೆ ಸಾಕು ಎಂದು ಮೊದಲೇ ಮಿತಿ ಹಾಕಿಕೊಳ್ಳಬೇಕು.

ಪೇಪರಿನವರು ಬಹಳ ಹಿಂದೆಯೇ ಜಾಣರು. ಅವರು ಕೊಡುವುದು ಕಳೆದ ವರ್ಷ ಇದೇ ದಿನದ ಮಟ್ಟ. ಋತುವಿನ ಸಮಸ್ಯೆ ಇದರಿಂದ ಕಳೆಯಿತು. ಜುಲೈಯನ್ನು ಜುಲೈಗೇ ಹೋಲಿಸಿದಂತಾಯಿತು. ಆದರೆ ಕಳೆದ ವರ್ಷ ಎಂಥ ವರ್ಷ?

2023ರಲ್ಲಿ ಮುಂಗಾರು ಕೈಕೊಟ್ಟಿತು, ಕಟ್ಟೆ ತುಂಬಲೇ ಇಲ್ಲ. 2024ರ ಜುಲೈ ಕೊನೆಗೆ ತುಂಬಿತು. 2025ರಲ್ಲಿ ಜೂನ್ ಮುಗಿಯುವುದರೊಳಗೆ ತುಂಬಿತು, ಜೂನ್ 30ಕ್ಕೆ ಬಾಗಿನವೂ ಆಯಿತು. ಜೂನ್‌ನಲ್ಲಿ ಕಟ್ಟೆ ತುಂಬಿದ್ದು ಅದರ ಇತಿಹಾಸದಲ್ಲೇ ಮೊದಲು. ಈಗ ನೋಡಿ. 2024ರ ಆಗಸ್ಟ್ ಕೊನೆಯ ಕಾರ್ಡ್ 2023ರ ಎದುರು ನಿಂತರೆ ಭಾರೀ ಹಸಿರು ಬಾಣ. ಆ ಹಸಿರಿನಲ್ಲಿ ದೊಡ್ಡ ಪಾಲು 2024ರ ಮಳೆಯದಲ್ಲ, 2023ರ ಬರದ್ದು. ಅದೇ ರೀತಿ ಮುಂದೆ ಯಾವುದೇ ಜೂನ್ ಕೊನೆಯನ್ನು 2025ರ ಜೂನ್ ಕೊನೆಗೆ ಹೋಲಿಸಿದರೂ ಹೆಚ್ಚುಕಮ್ಮಿ ಕೆಂಪೇ ಬರುವುದು. ಎಂಥ ಒಳ್ಳೆಯ ಮಳೆಗಾಲವಾದರೂ ಅಷ್ಟೆ, ಪೂರ್ತಿ ತುಂಬಿದ ಕಟ್ಟೆಯನ್ನು ಮೀರಿಸಲು ಆಗುವುದಿಲ್ಲವಲ್ಲ. ಕೆಟ್ಟ ವರ್ಷದ ಪಕ್ಕ ನಿಂತವರೆಲ್ಲ ಎತ್ತರ, ಅಪರೂಪದ ವರ್ಷದ ಪಕ್ಕ ನಿಂತವರೆಲ್ಲ ಕುಳ್ಳ. ಕಂಪನಿಗಳ ವರದಿಯಲ್ಲಿ ಲಾಕ್‌ಡೌನ್ ಆದ ಮರುವರ್ಷ ಎಲ್ಲ ಬಾಣಗಳೂ ಆಕಾಶಕ್ಕೆ ಹಾರಿದ್ದು ಇದೇ ಕಾರಣಕ್ಕೆ.

ಕೇಂದ್ರ ಜಲ ಆಯೋಗ ಪ್ರತಿ ವಾರ ಹೊರಡಿಸುವ ಜಲಾಶಯಗಳ ಪತ್ರಿಕೆಯಲ್ಲಿ ಈ ತೊಡಕಿಗೆ ಒಂದು ದಾರಿ ಮಾಡಿದ್ದಾರೆ. ಕಳೆದ ವರ್ಷದ ಅಂಕಿಯ ಜತೆಗೆ ಕಳೆದ ಹತ್ತು ವರ್ಷಗಳ ಸರಾಸರಿಯನ್ನೂ ಕೊಡುತ್ತಾರೆ, ಅದನ್ನೇ "ಸಾಮಾನ್ಯ ಸಂಗ್ರಹ" ಎನ್ನುತ್ತಾರೆ. ಒಂದು ವರ್ಷದ ಹುಚ್ಚಾಟ ಹತ್ತರಲ್ಲಿ ಕರಗಿಹೋಗುತ್ತದೆ. ದೇಶದ ನೂರಾರು ಜಲಾಶಯಗಳನ್ನು ಒಟ್ಟಿಗೆ ನೋಡುವಾಗ ಇದು ಒಳ್ಳೆಯ ಅಳತೆ.

ಒಂದೇ ಕಟ್ಟೆಗೆ ಬಂದಾಗ ನನಗೆ ಸರಾಸರಿ ಅಷ್ಟು ಹಿಡಿಸಲಿಲ್ಲ. ಜುಲೈ ಮಧ್ಯದ ಹೊತ್ತಿಗೆ ಕೆಆರ್‌ಎಸ್ ಕೆಲವು ವರ್ಷ ತುಂಬುವ ಹಂತದಲ್ಲಿರುತ್ತದೆ, ಕೆಲವು ವರ್ಷ ತಳ ಹಿಡಿದಿರುತ್ತದೆ. ಎರಡನ್ನೂ ಸೇರಿಸಿ ತೆಗೆದ ಸರಾಸರಿ ಯಾವ ವರ್ಷವೂ ಕಾಣದ ಒಂದು ನಡುಮಟ್ಟ. ಐದು ದಿನ ಉಪವಾಸ, ಐದು ದಿನ ಹಬ್ಬದೂಟ ಮಾಡಿದವನು ಸರಾಸರಿಯಲ್ಲಿ ದಿನಾ ಹೊಟ್ಟೆ ತುಂಬ ಉಂಡ ಎಂದ ಹಾಗೆ. ಅದಕ್ಕೆ ಬದಲು ಎಣಿಸುವುದು ಸುಲಭ: ಈ ತಾರೀಖಿನಂದು ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ವರ್ಷ ಇವತ್ತಿಗಿಂತ ಕಡಿಮೆ ನೀರಿತ್ತು? ಹತ್ತರಲ್ಲಿ ಆರು ಎಂದರೆ ನಡುವಿಗಿಂತ ಚೂರು ಮೇಲಿದ್ದೇವೆ. ಹತ್ತರಲ್ಲಿ ಒಂದು ಎಂದರೆ ಎದ್ದು ಕೂರಬೇಕು. ಹೀಗೆ ಹೇಳಿದರೆ ಅಪ್ಪನಿಗೂ ತಟ್ಟನೆ ಅರ್ಥವಾಯಿತು. ಮರುಕ್ಷಣವೇ ಆ ಒಂದು ವರ್ಷ ಯಾವುದು, ಆಗ ಯಾರು ಯಾರು ಕಬ್ಬು ಒಣಗಿಸಿಕೊಂಡರು ಎಂಬ ಕತೆ ಶುರುವಾಯಿತು.

ಗೂಗಲ್ ಶೀಟ್ಸ್‌ನಲ್ಲಿ ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. A ಕಾಲಂನಲ್ಲಿ ತಾರೀಖು (ಹೊಸದು ಮೇಲೆ), C ಕಾಲಂನಲ್ಲಿ ಟಿಎಂಸಿ, E2ರಿಂದ N2ರವರೆಗೆ ಕಳೆದ ಹತ್ತು ವರ್ಷ ಇದೇ ದಿನದ ಟಿಎಂಸಿ ಇದೆ ಎಂದುಕೊಳ್ಳಿ.

```
ನಿನ್ನೆಗಿಂತ:        =IF(ABS(C2-C3)<0.05, 0, C2-C3)
ಕಳೆದ ವರ್ಷ ಈ ದಿನ:  =XLOOKUP(EDATE(A2,-12), A:A, C:C)
ಎಷ್ಟು ವರ್ಷಕ್ಕಿಂತ ಹೆಚ್ಚು: =COUNTIF(E2:N2, "<"&C2)
```

ಮೊದಲ ಸಾಲಿನ 0.05 ನಾನು ಹಾಕಿಕೊಂಡ ಮಿತಿ. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಸೊನ್ನೆ ಎಂದೇ ಎಣಿಸುತ್ತೇನೆ. ಆ ಕೋಶಕ್ಕೆ ಕೆಳಗಿನ ಸಂಖ್ಯಾ ಫಾರ್ಮ್ಯಾಟ್ ಕೊಟ್ಟರೆ ಹೆಚ್ಚಾದಾಗ ಮೇಲ್ಬಾಣ, ಕಡಿಮೆಯಾದಾಗ ಕೆಳಬಾಣ, ಸೊನ್ನೆಗೆ ಗೆರೆ ತಾನಾಗಿ ಬರುತ್ತದೆ.

```
"▲ "0.00;"▼ "0.00;"–"
```

ಬಣ್ಣವನ್ನು ಬೇಕೆಂದೇ ಬಿಟ್ಟಿದ್ದೇನೆ. ಮೇಲೆ ಹೋದರೆ ಹಸಿರು, ಕೆಳಗೆ ಬಂದರೆ ಕೆಂಪು ಎಂದು ಸಾಫ್ಟ್‌ವೇರ್ ತಾನೇ ತೀರ್ಮಾನಿಸಿಬಿಡುತ್ತದೆ. ಹೊರಹರಿವಿನ ಕಾರ್ಡ್ ತೆಗೆದುಕೊಳ್ಳಿ, 2,500 ಇದ್ದದ್ದು 60,000 ಕ್ಯುಸೆಕ್ ಆಯಿತು, ▲. ಇದು ಹಸಿರೋ ಕೆಂಪೋ? ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹೋಗುವ ನೀರು ಅಳೆಯುವವರಿಗೆ ಲೆಕ್ಕ ತೀರಿತು. ರಂಗನತಿಟ್ಟಿನಲ್ಲಿ ದೋಣಿ ನಡೆಸುವವರಿಗೆ ಅಂದಿನ ಕೆಲಸ ಬಂದ್. ಶ್ರೀರಂಗಪಟ್ಟಣದ ಹೊಳೆದಂಡೆಯವರಿಗೆ ಡಂಗೂರ. ಓದುವವರು ಯಾರು ಎಂದು ಗೊತ್ತಿಲ್ಲದೆ ಬಣ್ಣ ಹಚ್ಚಬಾರದು.

ಕೆಂಪು ಬಾಣ ಕಂಡಾಗ ಕಾರಣವನ್ನು ನಾವೇ ಊಹಿಸಿಕೊಂಡುಬಿಡುವ ಅಭ್ಯಾಸವೂ ಇದೆ. ನೀರು ಕಡಿಮೆ ಎಂದರೆ ಮಳೆ ಕಡಿಮೆ, ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ನೀರು ಹೊರಬಿಟ್ಟು ಮಟ್ಟ ಇಳಿಸಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದರು. ಆ ವಾರದ ▼ ಬರದ ಬಾಣವಲ್ಲ. ಮರುವರ್ಷ 2025ರಲ್ಲಿ ಉಳಿದ ಗೇಟುಗಳ ಸ್ಥಿತಿ ನೋಡಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಆ ವರ್ಷ ಮಳೆ ಎಷ್ಟೇ ಬಂದರೂ ಕಾರ್ಡ್ 105.788ರ ಎದುರು ಕೊರತೆಯನ್ನೇ ತೋರಿಸಬೇಕು. ಅಂಕಿಯಲ್ಲಿ ತಪ್ಪಿಲ್ಲ, ಬಾಣದಲ್ಲೂ ತಪ್ಪಿಲ್ಲ. ಕೆಳಗೆ ಒಂದು ಸಾಲು ಟಿಪ್ಪಣಿ ಇಲ್ಲದಿದ್ದರೆ ಓದುವವನು ಮಾತ್ರ ತಪ್ಪುತ್ತಾನೆ. ಆಮೇಲಾಮೇಲೆ ನಾನು ಆಫೀಸಿನ ಕಾರ್ಡುಗಳಲ್ಲೂ ಒಂದು ಖಾಲಿ ಸಾಲು ಬಿಡಲು ಶುರು ಮಾಡಿದೆ, ಕೈಯಲ್ಲಿ ಬರೆಯುವುದಕ್ಕೆ. ವಿನ್ಯಾಸ ನೋಡುವವರು ಅದನ್ನು ತೆಗೆಸಲು ಎಷ್ಟೋ ಸಲ ಬಂದಿದ್ದಾರೆ. ಬಿಟ್ಟುಕೊಟ್ಟಿಲ್ಲ.

ಇಷ್ಟಾದರೂ ಒಂದು ಬಾಕಿ ಇದೆ. 105 ಅಡಿ, ಅಂದರೆ ಸುಮಾರು 27 ಟಿಎಂಸಿ, ಅದರಲ್ಲಿ ಬಳಸಬಹುದಾದದ್ದು 22.6. ಇದು ಹೆಚ್ಚೋ ಕಡಿಮೆಯೋ? ಜುಲೈ 5ರಂದು ಹೀಗಿದ್ದರೆ ನಿದ್ದೆ ಕೆಡಬೇಕಿಲ್ಲ, ಮಳೆಗಾಲ ಮುಂದಿದೆ. ಜನವರಿ 5ರಂದು ಹೀಗಿದ್ದರೆ ಕತೆಯೇ ಬೇರೆ. ಆಗ ಒಳಹರಿವು ನೂರರ ಲೆಕ್ಕದಲ್ಲಿ ತೊಟ್ಟಿಕ್ಕುತ್ತಿರುತ್ತದೆ. ವಿಶ್ವೇಶ್ವರಯ್ಯ ನಾಲೆಗೆ, ಕುಡಿಯುವ ನೀರಿಗೆ ಎಲ್ಲ ಸೇರಿ 4,000 ಕ್ಯುಸೆಕ್ ಬಿಡುತ್ತಾ ಹೋದರೆ ದಿನಕ್ಕೆ 0.35 ಟಿಎಂಸಿಯಷ್ಟು ಖಾಲಿ. 22.6ನ್ನು ಅದರಿಂದ ಭಾಗಿಸಿದರೆ 65 ದಿನ. ಮಾರ್ಚ್ 11ಕ್ಕೆ ಮುಗಿಯಿತು. ಆವಿಯಾಗುವ ನೀರನ್ನು ಇನ್ನೂ ಕಳೆದಿಲ್ಲ, ಬೆಂಗಳೂರು ಮೈಸೂರಿಗೆ ಜೂನ್ ತನಕ ಕುಡಿಯಲು ಎತ್ತಿಡಬೇಕಾದದ್ದನ್ನೂ ತೆಗೆದಿಲ್ಲ. ಅದಕ್ಕೇ ನೀರಾವರಿ ಸಲಹಾ ಸಮಿತಿ ಸೇರಿ ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿ, ನೀರು ಕೊಡುವ ತೀರ್ಮಾನ ಮಾಡುವುದು. ಅಂಕಿ ಒಂದೇ, 105. ಅದು ನೆಮ್ಮದಿಯೋ ಆತಂಕವೋ ಎಂದು ಹೇಳುವುದು ಮುಂದಿರುವ ಖರ್ಚು.

ಗುರಿಯ ಎದುರು ಬಾಣ ಇಡುವವರೂ ಇದೇ ಎಚ್ಚರ ವಹಿಸಬೇಕು. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ಪ್ರಕಾರ ಸಾಧಾರಣ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ ಹರಿಯಬೇಕಾದದ್ದು 177.25 ಟಿಎಂಸಿ, ಅದರಲ್ಲಿ ಜುಲೈ ಪಾಲು 31.24. ಜುಲೈ 10ರಂದು 9 ಟಿಎಂಸಿ ಹರಿದಿದೆ ಎಂದುಕೊಳ್ಳಿ. ತಿಂಗಳ ಪೂರ್ತಿ ಗುರಿಗೆ ಹೋಲಿಸಿದ ಕಾರ್ಡ್ ▼ 71% ಎಂದು ಕಿರುಚುತ್ತದೆ. ಹತ್ತು ದಿನದ ಪಾಲು ಹತ್ತು ಟಿಎಂಸಿಯಷ್ಟು, ಕೊರತೆ ಒಂದೇ ಒಂದು ಟಿಎಂಸಿ ಚಿಲ್ಲರೆ. ಮಧ್ಯಾಹ್ನ ಹನ್ನೆರಡಕ್ಕೆ ಇವತ್ತಿನ ವ್ಯಾಪಾರವನ್ನು ನಿನ್ನೆ ಪೂರ್ತಿ ದಿನದ ವ್ಯಾಪಾರಕ್ಕೆ ಹೋಲಿಸಿ ಹೋಟೆಲ್ ಮಾಲೀಕನಿಗೆ ಎದೆನೋವು ತರಿಸುವ ಕಾರ್ಡುಗಳದ್ದೂ ಇದೇ ಜಾತಿ.

ಕೊನೆಗೆ ಗುಂಪಿಗೆ ಹೋಗುತ್ತಿರುವ ಕಾರ್ಡ್ ಹೀಗಿದೆ.

```
ಕೆಆರ್‌ಎಸ್ · ಜುಲೈ 5, ಬೆಳಿಗ್ಗೆ 8
22.6 ಟಿಎಂಸಿ ಬಳಸಬಹುದಾದ ನೀರು (ತುಂಬಿದರೆ 45.05)
ನಿನ್ನೆ ಬೆಳಿಗ್ಗೆಗಿಂತ ▲ 1.70 ಟಿಎಂಸಿ
ಈ ದಿನ: 10ರಲ್ಲಿ 6 ವರ್ಷಗಳಿಗಿಂತ ಹೆಚ್ಚು
105.00 / 124.80 ಅಡಿ · ಒಳ 22,000 · ಹೊರ 2,500
ಟಿಪ್ಪಣಿ: ______
```

ಎಲ್ಲ ಕಾರ್ಡಿಗೂ ಇಷ್ಟು ಸಾಲು ಬೇಕೆಂದೇನಿಲ್ಲ. ಆಫೀಸಿನಲ್ಲಿ ನಾನು ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು: ಅಂಕಿ ಯಾವುದರದ್ದು ಮತ್ತು ಯಾವ ಹೊತ್ತಿನದು, ಬಾಣ ಯಾರ ಎದುರು ಎಂಬ ಎರಡು ಪದ, ಮತ್ತು ಇಷ್ಟೇ ಉದ್ದದ ಹಿಂದಿನ ಅವಧಿಗಳಲ್ಲಿ ಇದು ಎಲ್ಲಿ ನಿಲ್ಲುತ್ತದೆ ಅನ್ನುವುದು. "▲ 1.70" ಎಂದು ಬರೆಯುವ ಕಡೆ "ನಿನ್ನೆ ಬೆಳಿಗ್ಗೆಗಿಂತ" ಎಂದು ಸೇರಿಸಲು ಪರದೆಯಲ್ಲಿ ಜಾಗ ಇಲ್ಲ ಎಂದು ವಾದಿಸುವವರಿಗೆ ನಾನು ಪೇಪರಿನ ಚೌಕ ತೋರಿಸುತ್ತೇನೆ. ಎರಡು ಬೆರಳಗಲ ಜಾಗದಲ್ಲಿ ಅವರು ಐದು ಸಾಲು ಹಿಡಿಸಿದ್ದಾರೆ.

ಹೊಸ ಕಾರ್ಡ್ ಕಳಿಸಿದ ದಿನ ಅಪ್ಪ ಫೋನು ಮಾಡಲಿಲ್ಲ. ಸಂಜೆ ನಾನೇ ಮಾಡಿ, ನೋಡಿದಿರಾ ಎಂದು ಕೇಳಿದೆ.

"ನೋಡ್ದೆ. ಹಾರಂಗಿ ತುಂಬ್ತಾ? ಹೇಮಾವತಿದು ಎಷ್ಟದೆ?"

ಹಾರಂಗಿ, ಹೇಮಾವತಿ ತುಂಬಿದರೆ ಅಲ್ಲಿಂದ ಬಿಟ್ಟ ನೀರು ಕಟ್ಟೆಗೇ ಬರಬೇಕಲ್ಲ. ನಾಳೆಯ ಬಾಣ ಇವತ್ತು ಅಲ್ಲಿದೆ. ಅದಕ್ಕೀಗ ಇನ್ನೊಂದು ಸಾಲು ಸೇರಿಸುತ್ತಿದ್ದೇನೆ.